ಇಪ್ಪತ್ತು ವರ್ಷದ ಲೆಕ್ಕ, ಆಯಿಯ ಎರಡು ಮಂಡಿ

ನಮ್ಮದು ಅಕ್ಕಿ ಮುಗಿದರೂ ಅಶುಭ ನುಡಿಯಬಾರದೆಂದು ‘ಹೆಚ್ಚಿತು’ ಎನ್ನುವ ಮನೆ. ಅಂಥ ಮನೆಯಲ್ಲಿ ಹುಟ್ಟಿದವಳು ಅಪ್ಪನಿಗೆ ಅವರ ಮುಂದಿನ ಇಪ್ಪತ್ತು ವರ್ಷದ ಖರ್ಚಿನ ಲೆಕ್ಕ ಬರೆಯಲು ಕೂತರೆ ಏನಾಗಬೇಕೋ ಅದೇ ಆಯಿತು.

ಆಯಿಯ, ಎಂದರೆ ಅಮ್ಮನ, ಎರಡೂ ಮಂಡಿ ಸವೆದಿದ್ದವು. ಹುಬ್ಬಳ್ಳಿಯ ಡಾಕ್ಟರು ಕೀಲು ಬದಲಿಸಬೇಕು, ಎರಡಕ್ಕೂ ಸೇರಿ ಐದು ಲಕ್ಷ ಎಂದಿದ್ದರು. ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತರಾದ ಅಪ್ಪ ಎಫ್‌ಡಿ ಮುರಿಯಲು ಸುತರಾಂ ಒಪ್ಪಲಿಲ್ಲ. “ಮುಂದೆ ಎಂತಾಗ್ತೋ ಯಾರಿಗೆ ಗೊತ್ತಿದ್ದು?” ಎಂಬ ಒಂದೇ ಮಾತು. ಫೋನಿನಲ್ಲಿ ವಾದಿಸಿದರೆ “ಆತು ಆತು” ಎಂದು ಇಟ್ಟುಬಿಡುತ್ತಿದ್ದರು. ಸರಿ, ಬರೆದೇ ತೋರಿಸುತ್ತೇನೆ ಎಂದು ಹಟ ಹುಟ್ಟಿತು. ಯಲ್ಲಾಪುರದ ಸಹಕಾರಿ ಸಂಘವೊಂದರಲ್ಲಿ ಊರಿನವರ ಲೆಕ್ಕವನ್ನೆಲ್ಲ ನೋಡುವ ನನಗೆ ಅಪ್ಪನದೊಂದು ಯಾವ ಮಹಾ!

ಬರೆದೆ. ಪಿಂಚಣಿ ತಿಂಗಳಿಗೆ ನಲವತ್ತು ಸಾವಿರ. ಮನೆ ಖರ್ಚು ಇಪ್ಪತ್ತಾರು, ಔಷಧಿಗೆ ಐದು, ಉಳಿಕೆ ಒಂಬತ್ತು. ಹತ್ತು ವರ್ಷದ ನಂತರ ಔಷಧಿಗೆ ಹತ್ತು ಸಾವಿರ ಎಂದು ಹಿಡಿದರೂ ನಾಲ್ಕು ಉಳಿಯುತ್ತದೆ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುವುದರಿಂದ ಎಲ್ಲವನ್ನೂ ಇಂದಿನ ರೂಪಾಯಿಯಲ್ಲೇ ಹಿಡಿದೆ. ಬ್ಯಾಂಕಿನ ಬಡ್ಡಿಯನ್ನು ಬೆಲೆಯೇರಿಕೆಯೇ ತಿನ್ನುತ್ತದೆಂದು ಎಫ್‌ಡಿಯಲ್ಲಿದ್ದ ಹದಿನಾರು ಲಕ್ಷದ ಉಳಿತಾಯವನ್ನು ಲೆಕ್ಕದಲ್ಲಿ ಬೆಳೆಸಲಿಲ್ಲ. ಐದು ಲಕ್ಷ ಆಸ್ಪತ್ರೆಗೆ ಹೋದರೂ ಹನ್ನೊಂದು ಲಕ್ಷ ಅಲ್ಲಾಡದೆ ಇರುತ್ತದೆ. ಕೊನೆಗೆ, “ಅಪ್ಪಯ್ಯ, ಇನ್ನೂ ನೆಪ ಹೇಳಿದರೆ ನಾನು ಸುಮ್ಮನಿರುವವಳಲ್ಲ” ಎಂದು ಸೇರಿಸಿ ಅಂಚೆಗೆ ಹಾಕಿದೆ.

ಒಂದು ವಾರವಾದರೂ ಅಪ್ಪನ ಉತ್ತರ ಬರಲಿಲ್ಲ. ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಫೋನ್ ಕೈಗೆತ್ತಿಕೊಳ್ಳುವುದು, ಇಡುವುದು. ತಪ್ಪು ಬರೆದೆನೇ? ಹೆಚ್ಚು ಗದರಿದೆನೇ? ಶನಿವಾರ ತಡೆಯಲಾಗದೆ ಅಪ್ಪನ ಊರಿಗೆ ಬಸ್ ಹತ್ತಿದೆ. ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಸೀಟು ತುಂಬಿದರೂ ಹೊರಡಲಿಲ್ಲ. ಡ್ರೈವರ್ ನಿಧಾನಕ್ಕೆ ಚಾ ಕುಡಿಯುತ್ತಿದ್ದ. ಅವನ ಲೋಟ ಕಸಿದುಕೊಳ್ಳಬೇಕೆನಿಸಿತು.

ಮನೆ ಮುಟ್ಟಿದಾಗ ಆಯಿ ದೇವರ ದೀಪ ಹಚ್ಚುತ್ತಿದ್ದಳು. ಅಪ್ಪ ನನ್ನ ಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು.

“ಲೆಕ್ಕ ಚೊಲೋ ಇದ್ದು ಕೂಸೆ,” ಎಂದರು. “ಆದ್ರೆ ಇದ್ರಲ್ಲಿ ಇಪ್ಪತ್ತು ವರ್ಷ ಆನು ಸಾಯೋದೇ ಇಲ್ಲೆ.”

“ಥೋ! ದೀಪ ಹಚ್ಚೋ ಹೊತ್ತಲ್ಲಿ ಎಂತ ಮಾತು ಇದು!” ಎಂದು ಆಯಿ ಒಳಗಿನಿಂದಲೇ ರೇಗಿದಳು.

ಗೊತ್ತಿಲ್ಲದೆ ಬಿಟ್ಟಿದ್ದಲ್ಲ ಅದು. ಆ ಸಾಲು ಬರೆಯಲು ಪೆನ್ನು ಎತ್ತಿದ್ದೆ, ಕೈ ಬಂದಿರಲಿಲ್ಲ. ಬದುಕಿರುವ ಅಪ್ಪನಿಗೆ ‘ನೀವು ಇಲ್ಲದ ವರ್ಷ’ ಎಂದು ಮಗಳು ಹೇಗೆ ಬರೆಯುತ್ತಾಳೆ? ಅಪ್ಪನೇ ಬರೆದಿದ್ದರು, ಕೆಂಪು ಶಾಯಿಯಲ್ಲಿ. ಹದಿಮೂರನೇ ವರ್ಷದಿಂದ ಕುಟುಂಬ ಪಿಂಚಣಿ, ಅವರ ಪಿಂಚಣಿಯ ಐದರಲ್ಲಿ ಮೂರು ಪಾಲು, ಇಪ್ಪತ್ತನಾಲ್ಕು ಸಾವಿರ. ಆಯಿ ಒಬ್ಬಳಾದರೂ ಮನೆ ಖರ್ಚು ಅರ್ಧವಾಗುವುದಿಲ್ಲ, ಹದಿನೆಂಟು. ಔಷಧಿಗೆ ಹತ್ತು, ನೋಡಿಕೊಳ್ಳುವ ಹೆಂಗಸಿಗೆ ಎಂಟು. ತಿಂಗಳಿಗೆ ಹನ್ನೆರಡು ಸಾವಿರ ಕೊರತೆ. ಎಂಟು ವರ್ಷಕ್ಕೆ ಹನ್ನೊಂದೂವರೆ ಲಕ್ಷ.

“ಎಫ್‌ಡಿ ಅದ್ಕೆ ಇಟ್ಟಿದ್ದು,” ಎಂದರು. “ಅವಳು ಯಾರ ಮುಂದೂ ಕೈ ಚಾಚಲಾಗ.”

ಇಷ್ಟು ದಿನ ನಾನು ಇವರನ್ನು ಜಿಪುಣ ಎಂದು ಬೈದುಕೊಂಡಿದ್ದೆ! ಕಣ್ಣು ತುಂಬಿತು. ಆದರೂ ಪೆನ್ನು ಕಸಿದುಕೊಂಡೆ. ಮೊದಲ ಹನ್ನೆರಡು ವರ್ಷದ ತಿಂಗಳ ಉಳಿಕೆಯನ್ನು ಅವರು ಕೂಡಿಸಿರಲಿಲ್ಲ. ಅದೇ ಹನ್ನೊಂದು ಲಕ್ಷ ದಾಟಿತು. ಉಳಿದ ಎಫ್‌ಡಿಯೂ ಸೇರಿದರೆ ಆಯಿಗೆ ಕೊರತೆಯೇ ಇಲ್ಲ. ಅಪ್ಪ ಎರಡು ಸಲ ಕೂಡಿ ನೋಡಿದರು. ಆಮೇಲೂ, “ಆ ಉಳಿಕೆ ಉಳಿದ್ರೆ ಅಲ್ದಾ?” ಎಂದು ಹಳೇ ರಾಗ ತೆಗೆದರು.

ಅಷ್ಟರಲ್ಲಿ ಆಯಿ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನಿಂಗ ಹೇಳಿದ್ದೇ ಆಗ್ಲಿ. ನಿಂಗ ಇಲ್ಲೆ, ಆನೊಬ್ಳೇ ಇದ್ದಿ. ಪಿಂಚಣಿಗೆ ಪ್ರತಿ ನವೆಂಬರಲ್ಲಿ ಆನು ಬದುಕಿದ್ದಿ ಹೇಳಿ ತೋರ್ಸಲೆ ಬ್ಯಾಂಕಿಗೆ ಹೋಗವು. ಆ ಮೆಟ್ಲು ಹತ್ತಲೆ ಕಾಲು ಬ್ಯಾಡ್ದಾ?”

ಅಪ್ಪ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಎದ್ದು ಕಪಾಟಿನಿಂದ ಎಫ್‌ಡಿ ರಸೀದಿ ತಂದು ಮೇಜಿನ ಮೇಲಿಟ್ಟರು.

ಎಫ್‌ಡಿ ಅಪ್ಪ, ಆಯಿ ಇಬ್ಬರ ಹೆಸರಿನಲ್ಲಿತ್ತು, ಇಬ್ಬರ ಸಹಿಯೂ ಬೇಕಿತ್ತು. ಸೋಮವಾರ ನಾನು ರಜೆ ಹಾಕಿದೆ. ಬ್ಯಾಂಕು ಮಹಡಿಯ ಮೇಲೆ. ಆಯಿ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಲ್ಲುತ್ತಾ ಹತ್ತಿದಳು. ಅಪ್ಪ ಹಿಂದೆ, ಬಿದ್ದರೆ ಹಿಡಿಯುವವರಂತೆ ಎರಡೂ ಕೈ ಚಾಚಿಕೊಂಡು.

“ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿಮೆ ಆಗ್ತದೆ ಅಮ್ಮಾ. ಯಾಕೆ ಇಷ್ಟು ಅರ್ಜೆಂಟು?” ಎಂದ ಕೌಂಟರಿನ ಹುಡುಗಿಗೆ ಆಯಿ ಏದುಸಿರಿನಲ್ಲೇ ಹೇಳಿದಳು:

“ಮುಂದಿನ ಸಲ ಈ ಮೆಟ್ಲು ಲಗೂನೆ ಹತ್ತಲೆ.”