ಮೋರಿಯ ಮೂರು ನೀರು

ಅಂಕೋಲೆ ಹತ್ತಿರದ ಬೆಳಂಬಾರದ ಆ ಹೆಂಗಸು ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಹನ್ನೊಂದು ಪ್ಯಾಕೆಟ್ ಇಟ್ಟಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಾಣಂತಿಯರು ಹಿಂತಿರುಗಿಸಿದ ಮೀನಿನ ಪುಡಿ ಅದು. ವಾಸನೆಗೆ ಬಾಯಿಗಿಡಲಿಕ್ಕೇ ಆಗುವುದಿಲ್ಲ ಎಂದು ಒಬ್ಬರ ಹಿಂದೆ ಒಬ್ಬರು ವಾಪಸು ಕೊಟ್ಟಿದ್ದರಂತೆ. ಮೀನು ಹಳಸಿದರೆ ನಾನೇನು ಮಾಡಲಿ, ನಾನು ಪ್ರೋಟೀನ್ ಅಳೆಯುವವಳು ಎಂದು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ, ಪುಣ್ಯಕ್ಕೆ.

ಕಾರವಾರದ ಆ ಸಣ್ಣ ಪ್ರಯೋಗಾಲಯದಲ್ಲಿ ನಾನು ಆಹಾರ ಪರೀಕ್ಷೆ ಮಾಡುತ್ತಿದ್ದೆ. ಆ ಹೆಂಗಸು ಊರಿನ ಎಂಟು ಮಂದಿಯ ಮಹಿಳಾ ಸಂಘದ ಮುಂದಾಳು. ನಮ್ಮ ಕಡೆ ಬಾಣಂತಿಗೆ ಮೋರಿ ತಿನ್ನಿಸುತ್ತಾರೆ, ಹಾಲು ಹೆಚ್ಚುತ್ತದೆ ಎಂಬ ನಂಬಿಕೆ. ಮೋರಿ ಎಂದರೆ ಸಣ್ಣ ಶಾರ್ಕ್. ಅದನ್ನು ತೆಳ್ಳಗೆ ಸೀಳಿ, ತೊಳೆದು, ಉಪ್ಪು ಹಾಕದೆ ಒಣಗಿಸಿ ಪುಡಿ ಮಾಡಿ ಮಾರುವುದು ಸಂಘದ ಕೆಲಸ. ಪ್ಯಾಕೆಟ್ಟಿನ ಮೇಲೆ ಪ್ರೋಟೀನ್ ಎಷ್ಟೆಂದು ಬರೆಯಬೇಕಲ್ಲ, ಅದಕ್ಕೆ ನನ್ನ ಹತ್ತಿರ ಬರುತ್ತಿದ್ದರು.

ಮೊದಲ ಸಲ ನೂರಕ್ಕೆ ಎಪ್ಪತ್ತೆಂಟು ಬಂದಿತ್ತು. ಎರಡನೆಯ ಸಲ ತೊಂಬತ್ತೆರಡು. ಎರಡಕ್ಕೂ ನನ್ನದೇ ಸಹಿ. ಏಕೆ ಹೆಚ್ಚಾಯಿತು ಎಂದು ಆಕೆ ಫೋನಿನಲ್ಲಿ ಕೇಳಿದ್ದಳು. ಈ ಸಲ ಏನು ಬೇರೆ ಮಾಡಿದಿರಿ ಎಂದು ನಾನು ಕೇಳಿದೆ. ನೀರಿನ ತಾಪತ್ರಯವಾಗಿ ತೊಳೆಯದೇ ಒಣಗಿಸಿದೆವು ಅಂದಳು. ಹಾಗಾದರೆ ತೊಳೆದ ನೀರಿನಲ್ಲೇ ಸತ್ವ ಹೋಗುತ್ತಿತ್ತೇನೋ ಎಂದುಬಿಟ್ಟೆ. ಒಂದು ನಿಮಿಷ ಯೋಚಿಸಿದ ಮಾತಲ್ಲ ಅದು. ಎದುರಿಗೆ ಟೀ ಆರುತ್ತಿತ್ತು.

"ನೀವೇ ಹೇಳಿದ್ರಲ್ಲ ಅಕ್ಕೋರೆ, ತೊಳದ್ರೆ ಸತ್ವ ಹೋಗ್ತದೆ ಹೇಳಿ. ಆವತ್ತಿಂದ ನಾವು ತೊಳೂದೇ ಬಿಟ್ಟೇವು," ಅಂದಳು ಆಕೆ. ದೂರಿನ ದನಿಯೂ ಇರಲಿಲ್ಲ. ಇನ್ನು ಹೀಗೇ ವಾಪಸು ಬಂದರೆ ಸಂಘ ಮುಚ್ಚಬೇಕು ಎಂದಷ್ಟೇ ಹೇಳಿ, ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡಿ ಎಂದು ಅಂಕೋಲೆಯ ಬಸ್ಸು ಹಿಡಿಯಲು ಹೋದಳು.

ಅರ್ಧ ಗ್ರಾಂ ಪುಡಿ ತೂಗಿ ಕೊಳವೆಗೆ ಹಾಕಿದೆ. ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಸಿಯಂ ಸಲ್ಫೇಟ್, ಚಿಟಿಕೆ ಮೈಲುತುತ್ತ ಸೇರಿಸಿ ಕಾಯಲು ಇಟ್ಟೆ. ಮೊದಲು ಎಲ್ಲ ಕರ್ರಗೆ ಸುಟ್ಟು ನೊರೆ ಬರುತ್ತದೆ, ಹೊತ್ತು ಹೋದಂತೆ ತಿಳಿಯಾಗಿ ಹಸಿರು ತಿರುಗುತ್ತದೆ. ಆಗ ಪುಡಿಯಲ್ಲಿದ್ದ ನೈಟ್ರೋಜನ್ ಅಮೋನಿಯಂ ರೂಪಕ್ಕೆ ಬಂದು ಆಮ್ಲದಲ್ಲಿ ಉಳಿದಿರುತ್ತದೆ. ತಣಿಸಿ, ನೀರು ಬೆರೆಸಿ, ಕಾಸ್ಟಿಕ್ ಸೋಡಾ ಸುರಿದು ಹಬೆ ಹಾಯಿಸಿದರೆ ಅಮೋನಿಯಾ ಬಿಡುಗಡೆಯಾಗಿ ಬೋರಿಕ್ ಆಮ್ಲದೊಳಗೆ ಬಂದು ಬೀಳುತ್ತದೆ. ಹಬೆ ಹೊರಬರುವ ಕೊಳವೆಯ ತುದಿ ಬೋರಿಕ್ ಆಮ್ಲದಲ್ಲಿ ಮುಳುಗಿರಬೇಕು, ಇಲ್ಲವಾದರೆ ಅಮೋನಿಯಾ ಗಾಳಿಗೆ ಹೋಗುತ್ತದೆ. ಆ ದಿನ ಬಗ್ಗಿ ಬಗ್ಗಿ ಎಷ್ಟು ಸಲ ನೋಡಿದೆನೋ.

ಬಣ್ಣದ ಸೂಚಕ ಹಾಕಿ ಕೆಂಪಾಗಿದ್ದ ಬೋರಿಕ್ ಆಮ್ಲ ಅಮೋನಿಯಾ ಸೇರಿ ಹಸಿರಾಯಿತು. ಅದನ್ನು ಮತ್ತೆ ಕೆಂಪಿಗೆ ತರಲು ಎಷ್ಟು ಆಮ್ಲ ಬೇಕೋ ಅದೇ ಲೆಕ್ಕ. ಐವತ್ತು ಮಿಲಿಲೀಟರಿನ ಬ್ಯುರೆಟ್ ಪೂರ್ತಿ ಇಳಿದರೂ ಬಣ್ಣ ಹಸಿರೇ. ಮತ್ತೆ ತುಂಬಿಸಿದೆ. ಹಿಂದಿನ ಸಲವೂ ಹೀಗೆಯೇ ತುಂಬಿಸಿದ್ದೆ, ಒಳ್ಳೆಯ ಮಾಲು ಎಂದು ಖುಷಿಪಟ್ಟಿದ್ದೆ. ಈಗ ಒಂದೊಂದೇ ಹನಿ ಎಣಿಸಿ ಇಳಿಸಿದೆ. ಪುಡಿ ಹಾಕದೆ ಕಾಯಿಸಿದ ಕೊಳವೆಯ ಲೆಕ್ಕ ಕಳೆದು, ನೈಟ್ರೋಜನ್ನನ್ನು ಆರೂಕಾಲರಿಂದ ಗುಣಿಸಿದರೆ ಅದೇ ತೊಂಬತ್ತೆರಡು.

ಹಿಂದೆ ಪ್ರೋಟೀನ್ ಒಂದನ್ನೇ ಕೇಳಿದ್ದರು, ನಾನೂ ಅದೊಂದನ್ನೇ ನೋಡಿದ್ದೆ. ಈ ಸಲ ತೇವಾಂಶ, ಬೂದಿ, ಕೊಬ್ಬನ್ನೂ ನೋಡಿದೆ. ತೇವಾಂಶ ಒಂಬತ್ತು, ಬೂದಿ ಐದು, ಕೊಬ್ಬು ಎರಡು. ಪ್ರೋಟೀನಿನ ತೊಂಬತ್ತೆರಡಕ್ಕೆ ಇವನ್ನು ಕೂಡಿಸಿದರೆ ನೂರೆಂಟು. ನೂರು ಗ್ರಾಂ ಪುಡಿಯಲ್ಲಿ ನೂರೆಂಟು ಗ್ರಾಂ ಪದಾರ್ಥ! ಆಮ್ಲದ ಸಾಮರ್ಥ್ಯ ತಪ್ಪಿರಬಹುದೆಂದು ಹೊಸದಾಗಿ ಪರೀಕ್ಷಿಸಿದೆ, ಸರಿ ಇತ್ತು. ನೈಟ್ರೋಜನ್ ಎಷ್ಟೆಂದು ಮೊದಲೇ ಗೊತ್ತಿರುವ ಅಮೋನಿಯಂ ಸಲ್ಫೇಟ್ ತೂಗಿ ಬಟ್ಟಿ ಇಳಿಸಿದೆ, ಹಾಕಿದ್ದೆಲ್ಲ ಹೊರಬಂತು. ಯಂತ್ರದ್ದೇ ತಪ್ಪಾಗಲಿ ದೇವರೇ ಎಂದು ಬೇಡಿಕೊಂಡವಳು ನಾನು. ಅದರದ್ದೇನೂ ತಪ್ಪಿರಲಿಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಭಾನುವಾರ. ಮನೆಯಲ್ಲಿ ನಮ್ಮ ಅತ್ತೆ ಹಿತ್ತಲ ಕಲ್ಲಿನ ಹತ್ತಿರ ಕೂತು ಮೋರಿ ತೊಳೆಯುತ್ತಿದ್ದರು. ಒಂದು ನೀರು ಚೆಲ್ಲಿದರು, ಎರಡು ಚೆಲ್ಲಿದರು, ಮೂರನೆಯದಕ್ಕೆ ಕೈ ಹಾಕಿದರು. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದರೂ ಕೇಳಿರಲಿಲ್ಲ, ಮೂರು ನೀರು ಏಕೆ ಎಂದು ಆವತ್ತು ಕೇಳಿದೆ. ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದರು.

"ತೊಳೀದೇ ಇಟ್ರೆ ಉಚ್ಚೆ ವಾಸ್ನೆ ಬತ್ತದೆ," ಅಂದರು.

ಯೂರಿಯಾ. ಶಾರ್ಕಿನ ಮಾಂಸದಲ್ಲಿ ಯೂರಿಯಾ ತುಂಬಿರುತ್ತದೆ ಎಂದು ಕಾಲೇಜಿನಲ್ಲಿ ಓದಿ ಅಂಕವನ್ನೂ ತೆಗೆದುಕೊಂಡಿದ್ದೆ. ಇಟ್ಟಷ್ಟೂ ಅದು ಕೊಳೆತು ಅಮೋನಿಯಾ ಬಿಡುತ್ತದೆ, ಬಾಣಂತಿಯರ ಮೂಗಿಗೆ ಹೊಡೆದದ್ದು ಅದೇ. ಯೂರಿಯಾದಲ್ಲೂ ನೈಟ್ರೋಜನ್ ಇದೆ, ಕುದಿಯುವ ಆಮ್ಲಕ್ಕೆ ಅದೂ ಒಂದೇ, ಪ್ರೋಟೀನೂ ಒಂದೇ. ಪ್ರೋಟೀನಿನಲ್ಲಿ ನೂರಕ್ಕೆ ಹದಿನಾರು ಪಾಲು ನೈಟ್ರೋಜನ್ ಇರುತ್ತದೆ ಎಂಬ ಅಂದಾಜಿನಿಂದ ಆರೂಕಾಲು ಬಂದಿದೆ. ಸಿಕ್ಕ ನೈಟ್ರೋಜನ್ನೆಲ್ಲ ಪ್ರೋಟೀನಿನದೇ ಎಂದು ನಂಬಿ ಗುಣಿಸಿದ್ದು ನಾನು.

ಸೋಮವಾರ ಮೊದಲು ಮಾಡಿದ ಕೆಲಸ ನಮ್ಮ ಮುಖ್ಯಸ್ಥರ ಮುಂದೆ ನಿಂತು ಹೇಳಿದ್ದು. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ಯಂತ್ರ ನೈಟ್ರೋಜನ್ ಅಂದಿತ್ತು, ಪ್ರೋಟೀನ್ ಅಂದವರು ನೀವು, ವರದಿ ಹಿಂದಕ್ಕೆ ತಗೊಳ್ಳಿ ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮೊದಲ ಸಲದ ತೊಳೆದ ಪುಡಿ ಡಬ್ಬಿಯಲ್ಲಿ ಇನ್ನೂ ಇತ್ತು. ಎರಡನ್ನೂ ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಕಲಕಿ ಸೋಸಿದೆ. ಪ್ರೋಟೀನ್ ಹೆಪ್ಪುಗಟ್ಟಿ ಸೋಸುವ ಕಾಗದದ ಮೇಲೆ ನಿಲ್ಲುತ್ತದೆ, ಯೂರಿಯಾ ನೀರಿನ ಜೊತೆ ಇಳಿದುಹೋಗುತ್ತದೆ. ನಿಂತದ್ದನ್ನು ಮಾತ್ರ ಸುಟ್ಟು ಬಟ್ಟಿ ಇಳಿಸಿದೆ. ತೊಳೆಯದ ಪುಡಿಯಲ್ಲಿ ಎಪ್ಪತ್ತೆರಡು. ತೊಳೆದದ್ದರಲ್ಲಿ ಎಪ್ಪತ್ತಾರು. ನನ್ನ ಮಾತು ಕೇಳಿ ಅವರು ಬಿಟ್ಟಿದ್ದ ತೊಳೆದ ಪುಡಿಯಲ್ಲೇ ಪ್ರೋಟೀನ್ ಹೆಚ್ಚಿತ್ತು.

ಹೊಸ ವರದಿ ಹಿಡಿದು ನಾನೇ ಬೆಳಂಬಾರಕ್ಕೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಅಲ್ಲಿ ಮುಟ್ಟುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು. ಸಂಘದ ಚಪ್ಪರದ ಕಂಬಕ್ಕೆ ನನ್ನ ತೊಂಬತ್ತೆರಡರ ವರದಿಯನ್ನು ಪ್ಲಾಸ್ಟಿಕ್ ಹಾಕಿಸಿ ತೂಗುಹಾಕಿದ್ದರು, ದೇವರ ಕ್ಯಾಲೆಂಡರಿನ ಪಕ್ಕ. ತಪ್ಪು ನನ್ನದು, ಮೊದಲಿನ ಹಾಗೆಯೇ ತೊಳೆಯಿರಿ ಎಂದೆ. ಯೂರಿಯಾದ ಸಂಗತಿಯನ್ನೂ ತಿಳಿಸಿದೆ. ಆಕೆ ಪೂರ್ತಿ ಕೇಳಿದಳು, ಆಮೇಲೆ ಚಪ್ಪರದ ಮೂಲೆಯತ್ತ ನೋಡಿದಳು. ಅಲ್ಲಿ ಅವಳ ಅತ್ತೆ ಮೀನಿನ ಬುಟ್ಟಿಯ ಮುಂದೆ ಸುಮ್ಮನೆ ಕೂತಿದ್ದರು.

"ತೊಳೀಬೇಕು ಹೇಳಿ ನಮ್ಮತ್ತೆ ಬಡ್ಕಂಡ್ತು ಅಕ್ಕೋರೆ. ನಿಮ್ಮ ಕಾಗ್ದ ತೋರ್ಸಿ ನಾನೇ ಅದ್ರ ಬಾಯಿ ಮುಚ್ಚಿಸ್ದೆ. ಆವತ್ತಿಂದ ಅದು ಮೀನು ಮುಟ್ಲಿಲ್ಲ," ಅಂದಳು.

ಕಂಬದಿಂದ ಆ ವರದಿಯನ್ನು ಬಿಚ್ಚಿಕೊಂಡು ಮುದುಕಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅಮ್ಮಾ, ಈ ಕಾಗದ ಸುಳ್ಳು, ನೀವು ಹೇಳಿದ್ದೇ ಸರಿ ಎಂದೆ. ಅವರು ಕಾಗದವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಸೊಸೆಗೆ ನೀರು ತಾ ಎಂದರು.