ಟಕ್ಕೆನ್ನದ ಬೇಳೆ

ಬಸರೀಕಟ್ಟೆಯ ಕಾಫಿ ತೋಟದ ಕೂಲಿ ಲೈನಿನ ಮನೆಯಲ್ಲಿ ಭೈರಮ್ಮ ಎಷ್ಟು ವರ್ಷ ಒಲೆ ಊದಿದಳೋ ಅವಳಿಗೇ ಗೊತ್ತಿಲ್ಲ. ಸೌದೆಯನ್ನು ತೋಟದವರು ಬಿಟ್ಟಿ ಕೊಡುತ್ತಿದ್ದರು, ಕೊಟ್ಟೆವೆಂದು ಹೇಳಿಕೊಳ್ಳುತ್ತಲೂ ಇದ್ದರು. ಕಿಟಕಿಯಿಲ್ಲದ ಅಡುಗೆಕೋಣೆ ಕಟ್ಟಿಸಿ ಹಸಿ ಸೌದೆ ದಾನ ಮಾಡುವುದು ಯಾವ ಸೀಮೆಯ ಉಪಕಾರ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಕೇಳಿದ್ದು ಭೈರಮ್ಮನ ಎದೆ. ಕೊಪ್ಪದ ಡಾಕ್ಟರು ಇನ್ನು ಹೊಗೆಯ ಹತ್ತಿರ ಸುಳಿಯಲೇಬಾರದು ಎಂದುಬಿಟ್ಟರು.

ಉಸಿರಿನ ಚಿಂತೆ ಅವಳಿಗೆ ಅಷ್ಟಿರಲಿಲ್ಲ. ಬಡಿಸಿದ ಕೈ ಇನ್ನು ತಟ್ಟೆ ಹಿಡಿದು ಕಾಯಬೇಕಲ್ಲ, ಅದು ಚುಚ್ಚುತ್ತಿತ್ತು.

ಮಗ ಪ್ರದೀಪ, ಸೊಸೆ ರೇಖಾ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ರೇಖಾ ಜಯಪುರದಿಂದ ಒಂದು ಕರೆಂಟಿನ ರೈಸ್ ಕುಕ್ಕರ್ ತಂದಳು. ಪ್ರದೀಪ ಅದಕ್ಕೆಂದೇ ದಪ್ಪ ವೈರು ಎಳೆಸಿ ಪ್ಲಗ್ ಹಾಕಿಸಿದ. ಅಕ್ಕಿ, ನೀರು ಹಾಕಿ ಗುಂಡಿ ಕೆಳಗೆ ಒತ್ತಬೇಕು, ಬೆಂದಾಗ ಅದೇ ಟಕ್ಕೆಂದು ಮೇಲೆ ಹಾರುತ್ತದೆ ಎಂದು ಸೊಸೆ ಹೇಳಿಕೊಟ್ಟಳು. ಅನ್ನ ಮಾತ್ರ ಸಾಕು, ಸಾರು ಗೀರು ತಾನು ಬಂದು ಒಲೆಯಲ್ಲಿ ಮಾಡುತ್ತೇನೆ ಎಂದಳು.

ಕುಕ್ಕರಿನ ಜೊತೆಗೆ ಬಂದಿದ್ದ ತೂತಿನ ತಟ್ಟೆಯನ್ನು ಭೈರಮ್ಮ ಗಂಜಿ ಬಸಿಯಲು ಇಟ್ಟುಕೊಂಡಳು. ಅನ್ನವೆಂದ ಮೇಲೆ ಬಸಿಯದೆ ಇರುತ್ತದೆಯೇ? ಆದರೆ ಕುಕ್ಕರಿನ ಅನ್ನದಲ್ಲಿ ಬಸಿಯಲು ತೊಟ್ಟು ನೀರೂ ಉಳಿದಿರಲಿಲ್ಲ. ಪಕ್ಕದ ಮನೆಯ ಶೇಷಮ್ಮ ನಕ್ಕು, ಅದನ್ನು ಪಾತ್ರೆಯ ಬಾಯಿಗಿಟ್ಟು ಮೇಲೆ ತರಕಾರಿ ಹರಡುವುದು ಎಂದಳು. ಹಾಗೆ ಇಟ್ಟ ಸಿಹಿಗುಂಬಳದ ಹೋಳು ಅನ್ನದ ಹಬೆಯಲ್ಲೇ ಮೆತ್ತಗಾಯಿತು. ಹೊಗೆಯಿಲ್ಲದ ಆ ಬಿಳಿ ಹಬೆಯನ್ನು ಭೈರಮ್ಮ ಮಂಜು ನೋಡುವಂತೆ ನೋಡುತ್ತ ಕೂತಳು. ಅದರೊಳಗೆ ಸತ್ತುಹೋದ ಅವ್ವ ಬೇಲಿ ದಾಟಿ ಬರುತ್ತಿದ್ದಂತೆ ಕಂಡಿತು, ಸೆರಗಿನ ತುಂಬ ಕಳಲೆ.

ಸಂಜೆ ಮಾತ್ರ ಒಲೆ ಹೊತ್ತಿಯೇ ಹೊತ್ತುತ್ತಿತ್ತು. ಒಂದು ದಿನ ಒಳಗಿನಿಂದ ಕೆಮ್ಮು ಕೇಳಿಸಿತು. ತನ್ನದಲ್ಲ, ಸೊಸೆಯದು. ಅಂದು ಭೈರಮ್ಮ ತೀರ್ಮಾನಿಸಿದಳು: ಬೇಳೆಯೂ ಇದರಲ್ಲೇ ಬೇಯಬೇಕು.

ಮಾರನೇ ದಿನ ತೊಗರಿಬೇಳೆ ತೊಳೆದು, ನೀರು, ಅರಿಶಿನ ಹಾಕಿ ಗುಂಡಿ ಒತ್ತಿದಳು. ಬೇಳೆ ನೊರೆಯೆದ್ದು ಮುಚ್ಚಳ ಕುಣಿಸಿತು. ಮುಚ್ಚಳ ಓರೆ ಮಾಡಿದಳು. ಆಮೇಲೆ ಗೊಳಗೊಳ ಸದ್ದು ಒಂದೇ ಸಮ. ಟಕ್ಕೆನ್ನಲಿ ಎಂದು ಗೋಡೆಗೊರಗಿದಳು. ಕಣ್ಣು ಎಳೆಯಿತು. ಆ ಸದ್ದು ಹಳ್ಳವಾಗಿ ಹರಿಯಿತು. ಹಳ್ಳದ ದಂಡೆಯಲ್ಲಿ ಅವಳು ಲಂಗದ ಹುಡುಗಿ, ಕಾಲು ನೀರಿನಲ್ಲಿ. ನೀರು ಇಳಿಯುತ್ತ ಇಳಿಯುತ್ತ ಬರಿಯ ಕಲ್ಲು ಉಳಿಯಿತು. ಎಲ್ಲೋ ಏನೋ ಟಕ್ಕೆಂದಿತು. ಎಚ್ಚರವಾದಾಗ ಮನೆತುಂಬ ಸೀದ ವಾಸನೆ.

ತಳ ಹಿಡಿದ ಪಾತ್ರೆ ನೋಡಿ ರೇಖಾ ಸೋತ ದನಿಯಲ್ಲಿ, "ಅನ್ನಕ್ಕೆ ಅಂತ ಮಾಡಿದ್ದು ಅತ್ತೆ, ಅನ್ನಕ್ಕೇ ಇರಲಿ," ಎಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಮತ್ತೆ ಕೆಮ್ಮಿದಳು.

ಶೇಷಮ್ಮನಿಗೆ ಇದೊಂದು ತಮಾಷೆ. "ಎಂತ ಮಾರಾಯ್ತಿ, ಕರೆಂಟಿನ ಬೇಳೆ ಕರ್‍ರಗೆ ಬರ್ತದಾ?"

ಭೈರಮ್ಮ ಸೀದ ತಳ ಉಜ್ಜುತ್ತ ಕೂತಳು. ಕನಸಿನ ಹಳ್ಳವೇ ತಲೆಯಲ್ಲಿ ಸುತ್ತುತ್ತಿತ್ತು. ನೀರು ಬತ್ತಿದ ಮೇಲಲ್ಲವೇ ಟಕ್ಕೆಂದದ್ದು? ಹಾಗಾದರೆ ಈ ಯಂತ್ರಕ್ಕೆ ಬೆಂದದ್ದು ತಿಳಿಯುವುದಿಲ್ಲ, ನೀರು ಆರಿ ತಳ ಕಾದದ್ದು ಮಾತ್ರ ತಿಳಿಯುತ್ತದೆ. ಅನ್ನದಲ್ಲಿ ಎರಡೂ ಒಟ್ಟಿಗೇ ಆಗುತ್ತವೆ. ನೀರುಳಿಯಬೇಕಾದ ಬೇಳೆಗೆ, ಗಂಜಿಗೆ ಅದು ಟಕ್ಕೆನ್ನುವುದು ಕೆಟ್ಟ ಮೇಲೆಯೇ. ಒಲೆಯಿಂದ ಕೊಳ್ಳಿ ಹಿಂದಕ್ಕೆಳೆಯುತ್ತಿದ್ದವಳು ಯಾರು? ತಾನೇ ತಾನೆ. ಇಲ್ಲಿ ಗುಂಡಿ ಮೇಲೆತ್ತಬೇಕಾದವಳೂ ತಾನೇ.

ಮೊದಲು ನುಚ್ಚಿನ ಗಂಜಿಯಲ್ಲಿ ಪರೀಕ್ಷೆ ನಡೆಯಿತು. ನೀರು ಧಾರಾಳ, ಮುಚ್ಚಳ ಓರೆ, ಆಗಾಗ ಸೌಟಾಡಿಸುತ್ತ, ಹದಕ್ಕೆ ಬಂದಾಗ ಗುಂಡಿ ಎತ್ತಿ ಪ್ಲಗ್ ಕಿತ್ತಳು. ಮತ್ತೊಂದು ದಿನ ಬೇಳೆಯನ್ನು ಮೊದಲೇ ನೆನೆಹಾಕಿದಳು, ಒಂದು ತೊಟ್ಟು ಎಣ್ಣೆ ಬಿಟ್ಟಳು. ಪಾತ್ರೆಯ ಹೊರಮೈ ಒರೆಸಿ ಇಟ್ಟಳು. ಈ ಸಲ ಒರಗಲಿಲ್ಲ. ಹಬೆಯಲ್ಲಿ ಅವ್ವ ಬಂದರೂ, ಕೂರು ಎಂದಳೇ ಹೊರತು ಪಾತ್ರೆಯಿಂದ ಕಣ್ಣು ಕೀಳಲಿಲ್ಲ. ನೀರು ಇಳಿದಾಗ, ಮೊದಲೇ ಕುಕ್ಕರಿನಲ್ಲಿ ಕಾಯಿಸಿಟ್ಟಿದ್ದ ಬಿಸಿನೀರು ಸೇರಿಸಿದಳು. ಬೇಳೆ ಬೆರಳಿಗೆ ಬೆಣ್ಣೆಯಾದಾಗ ಗುಂಡಿ ಎತ್ತಿ, ಉಪ್ಪು, ಹುಣಿಸೆರಸ, ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಮತ್ತೆ ಗುಂಡಿ ಒತ್ತಿ ಒಂದು ಕುದಿ ಬರಿಸಿದಳು. ಸಾರನ್ನು ಬೇರೆ ಪಾತ್ರೆಗೆ ಸುರಿದು, ಕುಕ್ಕರಿನದನ್ನು ತೊಳೆದು ಅನ್ನಕ್ಕಿಟ್ಟಳು, ಮೇಲಿನ ತಟ್ಟೆಯಲ್ಲಿ ಬೀನ್ಸು.

ಬಿಸಿಲು ಗುಡ್ಡದಾಚೆ ಜಾರುವಾಗ ರೇಖಾ ಬಂದು ಬೆಂಕಿಪೊಟ್ಟಣಕ್ಕೆ ಕೈ ಹಾಕಿದಳು. ಭೈರಮ್ಮ ಅವಳ ಮುಂದೆ ತಟ್ಟೆ ಇಟ್ಟಳು. ಒಗ್ಗರಣೆಯಿಲ್ಲದ ಸಾರು. ರೇಖಾ ಉಂಡಳು, ಮತ್ತೆ ಹಾಕಿಸಿಕೊಂಡಳು. ಕೈ ತೊಳೆದು ಬಂದವಳು ಅತ್ತೆಯ ಪಕ್ಕ, ಹೊಸ್ತಿಲ ಮೇಲೆ, ಕಾಲು ಚಾಚಿ ಕೂತಳು. ಆ ಹೊತ್ತಿನಲ್ಲಿ ಅವಳು ಹಿಂದೆಂದೂ ಹಾಗೆ ಕೂತದ್ದೇ ಇಲ್ಲ.

"ನಾಳೆಗೆ ಎಂತ ಮಾಡ್ತೀರಿ ಅತ್ತೆ?" ಎಂದು ಕೇಳಿದಳು.

ಭೈರಮ್ಮ ಕುಕ್ಕರಿನ ಕಡೆ ತಿರುಗಿ ನೋಡಿದಳು. ಯೋಚಿಸಬೇಕಿತ್ತು.