ಸೋಮವಾರ ಹೂಡಿದ ಎತ್ತು

ಮಮದಾಪುರದ ದುಂಡಪ್ಪ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಬದುವಿನ ಜಗಳ ಬಂದಾಗ ಎರಡೂ ಕಡೆಯವರು ಅವನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಓದು ಬಾರದ ಮನುಷ್ಯ. ಹೆಸರು ಬರೆಯುವುದೊಂದನ್ನು ಕಷ್ಟಪಟ್ಟು ಕಲಿತಿದ್ದ. ಅಂಥವನ ಹೊಲಕ್ಕೆ ಒಮ್ಮೆ ಮೇಲವಂಕಿಯ ರಾವಸಾಹೇಬ ಎಂಬ ಹುಡುಗ ಕೆಲಸ ಕಲಿಯಲು ಬಂದ.

ರಾವಸಾಹೇಬ ಪುಣೆಯಲ್ಲಿ ಕೃಷಿ ಓದುತ್ತಿದ್ದ. ಪದವಿ ಇನ್ನೂ ಕೈಗೆ ಬಂದಿರಲಿಲ್ಲ, ಅದರ ಗತ್ತು ಮಾತ್ರ ಮುಂಚೆಯೇ ಬಂದಿತ್ತು. ಕಡೆಯ ವರ್ಷದ ಹುಡುಗರು ಮೂರು ತಿಂಗಳು ರೈತನ ಹೊಲದಲ್ಲಿದ್ದು ದಿನಾಲೂ ದಿನಚರಿ ಬರೆಯಬೇಕಿತ್ತು. ಯಾವ ಕೆಲಸ, ಎಷ್ಟು ಜೋಡಿ ಎತ್ತು, ಎಷ್ಟು ಹೊಲ ಮುಗಿಯಿತು, ಮಣ್ಣಿನ ಹದ ಹೇಗಿತ್ತು, ತಾನು ಕಂಡು ಕಲಿತದ್ದೇನು, ಎಲ್ಲವೂ ಅದರಲ್ಲಿ ಬರಬೇಕು. ಶನಿವಾರ ರೈತ ಸಹಿ ಹಾಕಬೇಕು. ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷಕರು ಹೊಲಕ್ಕೇ ಬಂದು ಓದಿ ನೋಡುವರು. ಇದರಲ್ಲಿ ನಪಾಸಾದರೆ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು.

ಹುಡುಗ ಕೆಲಸಗಳ್ಳನಲ್ಲ. ಆದರೆ ದಿನಾಲೂ ಬರೆಯುವುದೆಂದರೆ ಬೇಸರ. ಶನಿವಾರ ಮಧ್ಯಾಹ್ನ ಕುಳಿತು ಇಡೀ ವಾರದ್ದನ್ನು ಒಂದೇ ಉಸಿರಿಗೆ ಗೀಚಿಬಿಡುವನು. ಖಾಲಿ ಬಿಟ್ಟರೆ ಅಂಕ ಹೋದಾವೆಂದು ತಾರೀಖು ಕಂಡಲ್ಲೆಲ್ಲ ಕೆಲಸ ತುಂಬುವನು. ಎಲ್ಲ ಇಂಗ್ಲಿಷಿನಲ್ಲಿ. ದುಂಡಪ್ಪ ಕೈ ತೊಳೆದುಕೊಂಡು ಬಂದು, ತೋರಿಸಿದ ಕಡೆ ಹೆಸರು ಬರೆಯುವನು.

ಪರೀಕ್ಷಕರು ಟಾಂಗಾದಲ್ಲಿ ಬಂದರು. ಧಾರವಾಡ ಕಡೆಯವರು, ಒಕ್ಕಲುತನದ ಮನೆಯವರು. ಬೇವಿನ ನೆರಳಲ್ಲಿ ಕುಳಿತು ಹಾಳೆ ತಿರುವಿದರು, ಜೇಬಿನಿಂದ ಸಣ್ಣ ಪಂಚಾಂಗ ತೆಗೆದರು, ಮತ್ತೆ ಹಾಳೆ ತಿರುವಿದರು. ಬಾಜೂ ಹೊಲದ ಅಲ್ಲಪ್ಪ ಮತ್ತು ಇನ್ನಿಬ್ಬರು ಸಾಹೇಬರನ್ನು ನೋಡಲು ಬಂದು ನಿಂತಿದ್ದರು.

“ಏನಪಾ, ಈ ಹನ್ನೊಂದನೇ ತಾರೀಖ ಎರಡ ಜೋಡಿ ಎತ್ತ ಹೂಡಿ ಕುಂಟಿ ಹೊಡದೇವಂತ ಬರದೀಯಲ್ಲ. ಅವತ್ತ ಯಾವ ವಾರ?”

ರಾವಸಾಹೇಬ ಬೆರಳು ಮಡಚಿ ಎಣಿಸಿದ. ಸೋಮವಾರ. ಬಸವಣ್ಣನ ವಾರ, ಆ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ತಾರೀಖು ತುಂಬುವ ಭರದಲ್ಲಿ ವಾರವನ್ನೇ ಮರೆತಿದ್ದ.

ಪರೀಕ್ಷಕರು ದುಂಡಪ್ಪನ ಕಡೆ ತಿರುಗಿದರು. “ಕೆಳಗ ನಿಮ್ಮ ಸಹಿ ಐತಿ. ಸೋಮವಾರ ಎತ್ತ ಹೂಡಿದ್ರೇನ್ರಿ?”

ದುಂಡಪ್ಪ ಹುಡುಗನ ಮುಖ ನೋಡಿದ. ಹುಡುಗ ನೆಲ ನೋಡಿದ.

“ಹೂಡಿದ್ದೆ ರಿ. ಮಳಿ ಬರೂ ಹಂಗಿತ್ತು, ಅದಕ್ಕ.”

ಅಲ್ಲಪ್ಪ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಆ ಸೋಮವಾರ ದುಂಡಪ್ಪ ಹಳ್ಳದಲ್ಲಿ ಎತ್ತಿನ ಮೈ ತೊಳೆಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಮೂವರೂ ತಿರುಗಿ ನೋಡದೆ ಹೋದರು. ಪರೀಕ್ಷಕರು “ಹೂಂ” ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಟಾಂಗಾ ಹತ್ತಿದರು.

ದುಂಡಪ್ಪನ ಹೆಂಡತಿ ಬಾಳವ್ವ ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಎಷ್ಟೋ ಹಗುರಾಗುತ್ತಿತ್ತು. “ಉಣ್ಣಾಕ ಬಾರಪಾ” ಅಂದಳು, ದಿನದಂತೆಯೇ. ರಾವಸಾಹೇಬ ಊಟಕ್ಕೆ ಹೋಗದೆ ಟಾಂಗಾದ ಹಿಂದೆ ಓಡಿದ.

ಅಂಕಲಗಿ ದಾರಿಯಲ್ಲಿ ಟಾಂಗಾ ನಿಂತಿತು.

“ಅವರು ಹೂಡಿಲ್ರಿ ಸರ. ನಾ ಶನಿವಾರ ಕುಂತು ಅಂದಾಜ್ಲೆ ಬರದದ್ದು. ನನ್ನ ಸಲುವಾಗಿ ಅವರು ಸುಳ್ಳ ಹೇಳಿದ್ರು.”

“ಗೊತ್ತೈತಿ. ಸೋಮವಾರ ಎತ್ತಿಗೆ ಬಿಡುವು, ಕೆಲಸಿಲ್ಲ ಅಂತ ಬರದಿದ್ರ ಯಾರೂ ಅಂಕ ಕಡೀತಿರಲಿಲ್ಲ. ಅವತ್ತ ರೈತರು ಎತ್ತಿನ ಹೆಗಲ ನೋಡ್ತಾರ, ಗೊರಸ ನೋಡ್ತಾರ, ಹುಣ್ಣಾಗಿದ್ರ ಎಣ್ಣಿ ಹಚ್ಚತಾರ. ನೀ ಎಲ್ಲಿದ್ದಿ?”

“ಗೋಕಾಕಕ್ಕ ಚಾ ಕುಡ್ಯಾಕ ಹೋಗಿದ್ದೆ ರಿ.”

ಪರೀಕ್ಷಕರು ಪುಸ್ತಕ ತೊಡೆಯ ಮೇಲಿಟ್ಟು, ಸೋಮವಾರಗಳನ್ನು ಒಂದೊಂದಾಗಿ ಹುಡುಕಿ ಕೆಂಪು ಶಾಯಿಯಿಂದ ಹೊಡೆದು ಹಾಕಿದರು. ನಪಾಸು ಎಂದು ಬರೆದರು. ಮುಂದಿನ ವರ್ಷ ಮತ್ತೆ ಮೂರು ತಿಂಗಳು, ಅವತ್ತಿನದು ಅವತ್ತೇ ಬರೆಯಬೇಕು ಎಂದರು.

ರಾವಸಾಹೇಬ ತಿರುಗಿ ಬಂದಾಗ ದುಂಡಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಹುಡುಗ ಕಾಲು ಮುಟ್ಟಿದ. ಖರೆ ಹೇಳಿ ಬಂದೆ, ನಪಾಸಾದೆ, ಬರೆದ ಸುಳ್ಳನ್ನೆಲ್ಲ ಸಾಹೇಬರು ಹೊಡೆದು ಹಾಕಿದರು ಎಂದ. ದುಂಡಪ್ಪನ ಮನಸ್ಸು ಇದರಿಂದಾದರೂ ತಣ್ಣಗಾದೀತು ಎಂದು ಅವನ ಆಸೆ.

ದುಂಡಪ್ಪ ಎತ್ತನ್ನು ಗೂಟಕ್ಕೆ ಕಟ್ಟಿದ.

“ಚಲೋ ಆತು ಬಿಡು,” ಎಂದ. “ನೀ ಬರದದ್ದನ್ನ ಸಾಹೇಬರು ಹೊಡದ್ರು. ಅಲ್ಲಪ್ಪನ ಮುಂದ ನಾ ಆಡಿದ್ದನ್ನ ಯಾರ ಹೊಡೀತಾರ?”